ಫೋನಿನ ಹಾಡು ಮಿಕ್ಸರ್‌ಗೆ ಹೋದಾಗ ದನಿ ಮಾತ್ರ ಯಾಕೆ ಮಾಯವಾಗುತ್ತದೆ?

ಪ್ರಶ್ನೆ: ಡಾನ್ಸ್ ಕಾರ್ಯಕ್ರಮಕ್ಕೆ ಫೋನಿನಿಂದ ಹಾಡು ಹಾಕಿದೆವು ಸರ್. ಮ್ಯೂಸಿಕ್ ಬಂತು, ಹಾಡಿದವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿತ್ತು. ಇಯರ್‌ಫೋನಲ್ಲಿ ಕೇಳಿದ್ರೆ ಅದೇ ಹಾಡು ಸರಿಯಾಗಿದೆ. ಕೇಬಲ್ ಹೊಸದು, ಒಂದು ಕಡೆ ಇಯರ್‌ಫೋನ್ ಪಿನ್, ಇನ್ನೊಂದು ಕಡೆ ಮೈಕ್ ಕೇಬಲಿನ ಮೂರು ಪಿನ್ನಿನ ಕನೆಕ್ಟರ್. ಚಾರ್ಜರ್ ಹಾಕಿದ ಕೂಡಲೇ ಗುಂಯ್ ಅಂತ ಸದ್ದು ಬೇರೆ. ಮಿಕ್ಸರ್ ಕೆಟ್ಟಿದೆಯಾ? ಮುಂದಿನ ವಾರ ಮತ್ತೆ ಕಾರ್ಯಕ್ರಮ ಇದೆ.

ಉತ್ತರ: ಮಿಕ್ಸರ್ ಕೆಟ್ಟಿಲ್ಲ. ರಿಪೇರಿಗೆ ಕೊಡಬೇಡಿ. ನಿಮ್ಮ ಕೇಬಲ್ ಕೂಡ ಕೆಟ್ಟಿಲ್ಲ, ಆದರೆ ಈ ಕೆಲಸಕ್ಕೆ ಅದು ಆಗಿಬರುವ ಕೇಬಲ್ ಅಲ್ಲ. ನೀವು ಹೇಳಿದ "ಬಾವಿಯೊಳಗಿನ ದನಿ" ಇದೆಯಲ್ಲ, ಅದೊಂದೇ ಮಾತಿನಲ್ಲಿ ಕಾರಣ ಗೊತ್ತಾಗಿಬಿಡುತ್ತದೆ. ಇದೇ ಕೇಬಲ್ಲಿನಿಂದ ನಾನೂ ಒಮ್ಮೆ ಅರ್ಧ ಗಂಟೆ ಒದ್ದಾಡಿದ್ದೇನೆ. ಸ್ಪೀಕರ್ ಬದಲಿಸಿದೆ, ಚಾನೆಲ್ ಬದಲಿಸಿದೆ, ಬೇರೆ ಫೋನ್ ತಂದು ಹಚ್ಚಿದೆ, ಎಲ್ಲದರಲ್ಲೂ ಅದೇ ಕಥೆ. ಕೊನೆಗೆ ಕನೆಕ್ಟರ್ ಬಿಚ್ಚಿ ಒಳಗೆ ನೋಡಿದಾಗಲೇ ಅರ್ಥವಾಗಿದ್ದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಇಯರ್‌ಫೋನ್ ಪಿನ್ ಅನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಲೋಹದ ಮೇಲೆ ಸಣ್ಣ ಕಪ್ಪು ಉಂಗುರಗಳು ಕಾಣುತ್ತವೆ. ಎರಡು ಉಂಗುರ ಇದ್ದರೆ ಲೋಹ ಮೂರು ಭಾಗವಾಗಿದೆ ಎಂದರ್ಥ. ತುದಿಯಲ್ಲಿ ಎಡಗಿವಿಯ ಹಾಡು, ನಡುವಿನ ಪಟ್ಟಿಯಲ್ಲಿ ಬಲಗಿವಿಯ ಹಾಡು, ಬುಡದಲ್ಲಿ ಎರಡಕ್ಕೂ ಸೇರಿದ ಗ್ರೌಂಡ್. ಮೂರು ಉಂಗುರ ಇದ್ದರೆ ಜೊತೆಗೆ ಇಯರ್‌ಫೋನಿನ ಮೈಕಿಗೂ ಒಂದು ಭಾಗ ಇದೆ, ಅದು ನಮಗೆ ಈಗ ಬೇಡ. ಮುಖ್ಯ ವಿಷಯ ಏನೆಂದರೆ ಫೋನಿನಿಂದ ಹೊರಗೆ ಬರುವುದು ಒಂದು ಹಾಡಲ್ಲ, ಎರಡು. ಎಡಕ್ಕೊಂದು, ಬಲಕ್ಕೊಂದು.

ಈಗ ಆ ಕಡೆಯ ಮೂರು ಪಿನ್ನಿನ ಕನೆಕ್ಟರ್, ಅಂದರೆ ಎಕ್ಸ್‌ಎಲ್‌ಆರ್. ಅದರಲ್ಲೂ ಮೂರು ಪಿನ್ ಇರುವುದರಿಂದ ಲೆಕ್ಕ ಸರಿಹೋಯಿತು ಅನ್ನಿಸುತ್ತದೆ, ಅಲ್ವಾ? ಅಲ್ಲೇ ಮೋಸ ಹೋಗುವುದು. ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಎರಡು ಹಾಡು ತೆಗೆದುಕೊಳ್ಳಲು ಬರುವುದಿಲ್ಲ. ಅದು ಒಂದೇ ಮೈಕಿಗಾಗಿ ಮಾಡಿದ್ದು. ಮೈಕ್ ತನ್ನ ಒಂದೇ ಸಿಗ್ನಲ್ ಅನ್ನು 2ನೇ ಪಿನ್ನಿನಲ್ಲಿ ನೇರವಾಗಿ, 3ನೇ ಪಿನ್ನಿನಲ್ಲಿ ತಿರುವುಮುರುವಾಗಿ ಕಳಿಸುತ್ತದೆ. ಮಿಕ್ಸರ್ 2ರಿಂದ 3ನ್ನು ಕಳೆಯುತ್ತದೆ. ದಾರಿಯಲ್ಲಿ ಕೇಬಲ್ಲಿಗೆ ಅಂಟಿಕೊಂಡ ಕರೆಂಟಿನ ಗುಯ್‌ಗುಟ್ಟುವಿಕೆ ಎರಡೂ ತಂತಿಯಲ್ಲಿ ಒಂದೇ ಥರ ಇರುತ್ತದೆ, ಹಾಗಾಗಿ ಕಳೆದಾಗ ಸೊನ್ನೆಯಾಗುತ್ತದೆ. ಮೈಕಿನ ಸಿಗ್ನಲ್ ಒಂದು ಕಡೆ ತಿರುಗಿರುವುದರಿಂದ ಕಳೆದಾಗ ಕೂಡಿದಂತಾಗಿ ಉಳಿಯುತ್ತದೆ. ತುಂಬಾ ಜಾಣ ವ್ಯವಸ್ಥೆ. ಉದ್ದನೆಯ ಮೈಕ್ ಕೇಬಲ್ಲುಗಳು ಗಲಾಟೆಯಿಲ್ಲದೆ ಕೆಲಸ ಮಾಡುವುದೇ ಇದರಿಂದ.

ಆದರೆ ನಿಮ್ಮ ಕೇಬಲ್ ಎಡದ ಹಾಡನ್ನು 2ಕ್ಕೆ, ಬಲದ ಹಾಡನ್ನು 3ಕ್ಕೆ ತಂದು ಕೊಟ್ಟಿದೆ. ಮಿಕ್ಸರ್ ತನಗೆ ಗೊತ್ತಿರುವ ಕೆಲಸ ಮಾಡಿತು, ಎಡದಿಂದ ಬಲವನ್ನು ಕಳೆಯಿತು.

ಒಂದು ಹಾಡು ತೆಗೆದುಕೊಳ್ಳಿ. ಎಡಕ್ಕೆ ದನಿ ಮತ್ತು ಗಿಟಾರ್ ಇದೆ, ಬಲಕ್ಕೆ ದನಿ ಮತ್ತು ಕೊಳಲು ಇದೆ ಅಂದುಕೊಳ್ಳಿ. ಹಾಡುಗಾರರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಟ್ಟಿರುತ್ತಾರೆ, ಅದಕ್ಕೇ ಇಯರ್‌ಫೋನ್ ಹಾಕಿದಾಗ ದನಿ ತಲೆಯ ನಡುವೆ ಕೇಳುವುದು. ಎಡದಿಂದ ಬಲ ಕಳೆದರೆ ದನಿಯಿಂದ ದನಿ ಹೋಯಿತು. ಉಳಿದದ್ದು ಗಿಟಾರ್ ಮತ್ತು ಕೊಳಲು. ದನಿಯ ಜೊತೆಗೆ ಬೇಸ್ ಗಿಟಾರ್ ಮತ್ತು ಡ್ರಮ್ಮಿನ ಧಮ್ ಧಮ್ ಕೂಡ ನಡುವೆಯೇ ಇರುವುದರಿಂದ ಅವೂ ಹೋಗುತ್ತವೆ, ಹಾಡು ತೆಳ್ಳಗಾಗುತ್ತದೆ. ಹಾಗಾದರೆ ಬಾವಿಯೊಳಗಿಂದ ಕೇಳಿದ್ದು ಏನು? ರೆಕಾರ್ಡಿಂಗ್‌ನಲ್ಲಿ ದನಿಗೆ ಸೇರಿಸಿದ ಎಕೋ, ರಿವರ್ಬ್. ಅದು ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರುತ್ತದೆ, ಕಳೆದರೂ ಸೊನ್ನೆಯಾಗುವುದಿಲ್ಲ. ದನಿ ಹೋಗಿ ದನಿಯ ಪ್ರತಿಧ್ವನಿ ಮಾತ್ರ ಉಳಿದಿತ್ತು.

ಇದನ್ನು ನೀವು ಮೊದಲೇ ಎಲ್ಲೋ ಕೇಳಿರುತ್ತೀರಿ. ಇಯರ್‌ಫೋನ್ ಪಿನ್ ಫೋನಿನಲ್ಲಿ ಸರಿಯಾಗಿ ಕೂರದೆ ಸ್ವಲ್ಪ ಹೊರಗೆ ಬಂದಾಗ ಕೆಲವು ಸಲ ದನಿ ಮಾಯವಾಗಿ ಮ್ಯೂಸಿಕ್ ಮಾತ್ರ ಕೇಳುತ್ತದೆ. ಅಲ್ಲೂ ನಡೆಯುವುದು ಇದೇ ಕಳೆಯುವ ಲೆಕ್ಕ. ಗ್ರೌಂಡ್ ತಪ್ಪಿ ಎಡ ಬಲಗಳ ವ್ಯತ್ಯಾಸ ಮಾತ್ರ ಕಿವಿಗೆ ಬರುತ್ತದೆ.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ `Accessibility` ಒಳಗೆ ಹೋಗಿ `Mono audio` ಅನ್ನುವುದನ್ನು ಆನ್ ಮಾಡಿ. ಐಫೋನ್ ಆದರೆ `Accessibility` ಒಳಗಿನ `Audio & Visual` ನಲ್ಲಿ ಇರುತ್ತದೆ. ಇದು ಎಡ ಬಲ ಎರಡನ್ನೂ ಬೆರೆಸಿ ಎರಡೂ ಕಡೆ ಒಂದೇ ಹಾಡು ಕಳಿಸುತ್ತದೆ. ಈಗ ಅದೇ ಕೇಬಲ್ಲಿನಲ್ಲಿ ಹಾಡು ಹಾಕಿ. ಹೆಚ್ಚುಕಮ್ಮಿ ಪೂರ್ತಿ ನಿಶ್ಶಬ್ದ ಆದರೆ ನಾನು ಹೇಳಿದ್ದೇ ಕಾರಣ. ಎರಡೂ ಕಡೆ ಒಂದೇ ಇದ್ದಾಗ ಕಳೆದರೆ ಏನೂ ಉಳಿಯುವುದಿಲ್ಲವಲ್ಲ.

ಹಾಗಾದರೆ ಯಾವ ಕೇಬಲ್ ಬೇಕು? ಒಂದು ಕಡೆ 3.5 ಎಂಎಂ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಬೇರೆ ಬೇರೆ 6.35 ಎಂಎಂ ದಪ್ಪ ಪಿನ್ ಇರುವುದನ್ನು ತನ್ನಿ. ಆ ದಪ್ಪ ಪಿನ್ ಒಂದೊಂದರ ಮೇಲೂ ಒಂದೇ ಕಪ್ಪು ಉಂಗುರ ಇರಬೇಕು, ಅಂದರೆ ಮೋನೋ. ಇದನ್ನು ಮಾತ್ರ ಅಂಗಡಿಯಲ್ಲೇ ಎಣಿಸಿ ನೋಡಿ. ಒಂದೇ ದಪ್ಪ ಪಿನ್ ಇದ್ದು ಅದಕ್ಕೆ ಎರಡು ಉಂಗುರ ಇರುವ ಕೇಬಲ್ ಕೊಟ್ಟರೆ ಬೇಡ ಅನ್ನಿ. ಅದನ್ನು ಮಿಕ್ಸರಿನ ಲೈನ್ ಇನ್‌ಪುಟ್‌ಗೆ, ಅಂದರೆ ದಪ್ಪ ಪಿನ್ನಿನ ತೂತಿಗೆ, ಹಾಕಿದರೂ ಇದೇ ಕಳೆಯುವ ಕೆಲಸ ನಡೆಯುತ್ತದೆ, ದನಿ ಮತ್ತೆ ಮಾಯ.

ಎರಡು ಪಿನ್ನನ್ನು ಪಕ್ಕಪಕ್ಕದ ಎರಡು ಚಾನೆಲ್ಲಿನ ಲೈನ್ ಇನ್‌ಪುಟ್‌ಗೆ ಹಾಕಿ. ಮಿಕ್ಸರಿನಲ್ಲಿ ಸ್ಟೀರಿಯೋ ಚಾನೆಲ್ ಇದ್ದರೆ ಅದರ ಎಡ, ಬಲ ತೂತುಗಳಿಗೆ ಹಾಕಿದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಚಾನೆಲ್ ಆದರೆ ಒಂದರ ಪ್ಯಾನ್ ನಾಬ್ ಪೂರ್ತಿ ಎಡಕ್ಕೆ, ಇನ್ನೊಂದರದು ಪೂರ್ತಿ ಬಲಕ್ಕೆ ತಿರುಗಿಸಿ. ಆದರೆ ಸಭಾಂಗಣದ ಸ್ಪೀಕರ್‌ಗಳು ಮೋನೋದಲ್ಲಿ ಓಡುತ್ತಿದ್ದರೆ, ಅಂದರೆ ಮಿಕ್ಸರಿನಿಂದ ಒಂದೇ ಕಡೆಯ ಔಟ್‌ಪುಟ್ ಹೋಗಿದ್ದರೆ, ಎರಡೂ ಪ್ಯಾನ್ ನಡುವೆ ಇಡಿ. ಇಲ್ಲದಿದ್ದರೆ ಅರ್ಧ ಹಾಡು ಹೊರಗೆ ಬರುವುದೇ ಇಲ್ಲ.

ಖಾಲಿ ಚಾನೆಲ್ ಒಂದೇ ಉಳಿದಿದೆಯಾ? ಆಗಲೂ ದಾರಿ ಇದೆ. ಫೋನಿನಲ್ಲಿ `Mono audio` ಆನ್ ಮಾಡಿ, ಇದೇ ಎರಡು ಪಿನ್ನಿನ ಕೇಬಲ್ಲಿನ ಒಂದು ಪಿನ್ ಮಾತ್ರ ಲೈನ್ ಇನ್‌ಪುಟ್‌ಗೆ ಹಾಕಿ. ಪೂರ್ತಿ ಹಾಡು ಅದರಲ್ಲೇ ಬರುತ್ತದೆ. ನೇತಾಡುವ ಇನ್ನೊಂದು ಪಿನ್ನಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಅದು ಮಿಕ್ಸರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಬಾರದು. ಡಾನ್ಸ್ ಟ್ರ್ಯಾಕಿಗೆ ನಾನು ಬೇಕಂತಲೇ ಹೀಗೆ ಮಾಡುತ್ತೇನೆ. ದೊಡ್ಡ ಹಾಲಿನಲ್ಲಿ ಎಡ ಸ್ಪೀಕರ್ ಹತ್ತಿರ ಕೂತವರಿಗೆ ಬಲದ ವಾದ್ಯ ಸರಿಯಾಗಿ ಕೇಳುವುದಿಲ್ಲ, ಮೋನೋ ಆದರೆ ಎಲ್ಲರಿಗೂ ಒಂದೇ ಹಾಡು.

ಎಡ ಬಲದ ಎರಡು ತಂತಿಯನ್ನು ಸುಮ್ನೆ ಹೆಣೆದು ಒಂದು ಮಾಡುವ ಉಪಾಯ ಯಾರಾದರೂ ಹೇಳಬಹುದು. ದಯವಿಟ್ಟು ಬೇಡ. ಫೋನಿನೊಳಗೆ ಎರಡು ಪುಟ್ಟ ಆಂಪ್ಲಿಫೈಯರ್ ಇವೆ, ತಂತಿ ಸೇರಿಸಿದರೆ ಒಂದರ ಔಟ್‌ಪುಟ್ ಇನ್ನೊಂದರ ವಿರುದ್ಧ ತಳ್ಳುತ್ತಿರುತ್ತದೆ, ಸದ್ದು ಒಡೆಯುತ್ತದೆ. ಬೆರೆಸುವ ಕೆಲಸವನ್ನು ಫೋನಿನ ಸೆಟ್ಟಿಂಗೇ ಮಾಡಿಕೊಡುತ್ತಿರುವಾಗ ಆ ಸಾಹಸ ಯಾಕೆ?

ಮಿಕ್ಸರ್ ಇಲ್ಲದೆ ಪಿಎ ಆಂಪ್ಲಿಫೈಯರ್ ಮಾತ್ರ ಇದ್ದರೆ ಹಿಂದೆ ಆಕ್ಸ್ ಎಂದು ಬರೆದ ಆರ್‌ಸಿಎ ತೂತು ಹುಡುಕಿ, 3.5 ಎಂಎಂನಿಂದ ಆರ್‌ಸಿಎ ಕೇಬಲ್ ಹಾಕಿ. ಅಲ್ಲಿ ಕಳೆಯುವ ಲೆಕ್ಕ ಇಲ್ಲ. ತೂತು ಒಂದೇ ಇದ್ದರೆ ಮತ್ತೆ `Mono audio`.

ಇನ್ನು ಫೋನಿನ ಕಡೆ. ಜಾಕ್ ಇಲ್ಲದ ಫೋನ್ ಆದರೆ ಟೈಪ್ ಸಿ ಅಡಾಪ್ಟರ್ ಬೇಕು, ಅದರಲ್ಲಿ ಎರಡು ಥರ. ಒಂದರಲ್ಲಿ ಡಿಎಸಿ ಅನ್ನುವ ಚಿಪ್ ಇರುತ್ತದೆ, ಫೋನಿನ ಡಿಜಿಟಲ್ ಹಾಡನ್ನು ಕೇಬಲ್ಲಿನಲ್ಲಿ ಹೋಗುವ ಸಿಗ್ನಲ್ ಆಗಿ ಬದಲಿಸಿ ಕೊಡುವುದು ಆ ಚಿಪ್. ಇನ್ನೊಂದರೊಳಗೆ ಬರೀ ತಂತಿ. ಬರೀ ತಂತಿಯದು ತುಂಬಾ ಫೋನುಗಳಲ್ಲಿ ಕೆಲಸ ಮಾಡುವುದಿಲ್ಲ, ಫೋನ್ ತನ್ನ ಸ್ಪೀಕರಿನಲ್ಲೇ ಹಾಡುತ್ತಿರುತ್ತದೆ. ಚಿಪ್ ಇರುವುದನ್ನೇ ಕೇಳಿ ತನ್ನಿ, ಯಾವ ಫೋನ್ ವೇದಿಕೆಗೆ ಬರುತ್ತದೋ ಅದೇ ಫೋನಿಗೆ ಹಾಕಿ ನೋಡಿ.

ಈಗ ಲೆವೆಲ್. ಕೇಬಲ್ ಸರಿಯಾದ ಮೇಲೂ ಹಾಡು ಕರಕರ ಒಡೆಯುವುದು ಇಲ್ಲಿ ತಪ್ಪುವುದರಿಂದ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಫೋನ್ ಪೂರ್ತಿ ವಾಲ್ಯೂಮಿನಲ್ಲಿ ಅರ್ಧದಿಂದ ಒಂದು ವೋಲ್ಟ್‌ವರೆಗೆ ಕೊಡಬಲ್ಲದು, ಅಂದರೆ ಮೈಕಿಗಿಂತ ನೂರು ಪಟ್ಟಿಗೂ ಜಾಸ್ತಿ. ಒಳಗೆ ಬಂದ ಸಿಗ್ನಲ್ ಅನ್ನು ಮೊದಲು ಹಿಗ್ಗಿಸುವ ಗೇನ್ ನಾಬ್ ಅನ್ನು ಮೈಕಿಗೆಂದು 40 ಡಿಬಿಗೆ ಇಟ್ಟಿದ್ದ ಚಾನೆಲ್‌ಗೆ ಫೋನ್ ಹಾಕಿದಿರಿ ಅಂದುಕೊಳ್ಳಿ. 40 ಡಿಬಿ ಅಂದರೆ ನೂರು ಪಟ್ಟು. ಒಂದು ವೋಲ್ಟ್ ನೂರು ಪಟ್ಟಾದರೆ ನೂರು ವೋಲ್ಟ್ ಆಗಬೇಕು, ಆದರೆ ಮಿಕ್ಸರಿನ ಒಳಗಿನ ಸರ್ಕ್ಯೂಟಿಗೆ ಹತ್ತು ಹದಿನೈದು ವೋಲ್ಟ್ ದಾಟಲು ಆಗುವುದಿಲ್ಲ. ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆಮೇಲೆ ಚಾನೆಲ್ಲಿನ ಸದ್ದು ಏರಿಸಿ ಇಳಿಸುವ ಫೇಡರ್ ಎಷ್ಟು ಕೆಳಗೆ ಎಳೆದರೂ ಸದ್ದು ಸಣ್ಣದಾಗುತ್ತದೆಯೇ ಹೊರತು ಒಡಕು ಹೋಗುವುದಿಲ್ಲ, ಯಾಕೆಂದರೆ ಕತ್ತರಿಸಿದ್ದು ಫೇಡರಿಗಿಂತ ಮುಂಚೆ. ಒಡಕು ಬಂದಾಗ ಕೈ ಹೋಗಬೇಕಾದ್ದು ಗೇನಿಗೆ, ಫೇಡರಿಗಲ್ಲ.

ನಾನು ಮಾಡುವ ಕ್ರಮ ಹೀಗಿದೆ. ಮಿಕ್ಸರಿನ ಮೇನ್ ಫೇಡರ್ ಪೂರ್ತಿ ಕೆಳಗೆ. ಚಾನೆಲ್ಲಿನ ಗೇನ್ ಪೂರ್ತಿ ಕಮ್ಮಿ, ಬೇಸ್ ಟ್ರೆಬಲ್ ನಾಬ್‌ಗಳು ನಡುವೆ. ಫೋನಿನ ವಾಲ್ಯೂಮ್ ನೂರಕ್ಕೆ ಎಂಬತ್ತು ತೊಂಬತ್ತರ ಹತ್ತಿರ. ಕೇಬಲ್ ಹಾಕುವುದು ಇದೆಲ್ಲ ಆದ ಮೇಲೆ. ನಂತರ ಹಾಡಿನ ಅತಿ ಜೋರಾದ ಭಾಗವನ್ನು ಹಾಕುತ್ತೇನೆ, ಶುರುವಿನ ಮೆಲ್ಲಗಿನ ಭಾಗವನ್ನಲ್ಲ. ಚಾನೆಲ್ಲಿನ ಪಿಎಫ್‌ಎಲ್ ಬಟನ್ ಒತ್ತಿದರೆ ಆ ಚಾನೆಲ್ಲಿಗೆ ಎಷ್ಟು ಸಿಗ್ನಲ್ ಬರುತ್ತಿದೆ ಅಂತ ಮೀಟರಿನಲ್ಲಿ ಕಾಣುತ್ತದೆ. ಗೇನ್ ಮೆಲ್ಲಗೆ ಏರಿಸಿ, ಮೀಟರ್ ಸೊನ್ನೆಯ ಆಸುಪಾಸಿನಲ್ಲಿ ಆಡುವ ಹಾಗೆ, ಕೆಂಪು ದೀಪ ಒಮ್ಮೆಯೂ ಹೊತ್ತದ ಹಾಗೆ ನಿಲ್ಲಿಸಿ. ಡಿಜಿಟಲ್ ಮಿಕ್ಸರ್ ಆದರೆ ಅದರ ಸೊನ್ನೆ ಬೇರೆ, ಅಲ್ಲಿ ಸೊನ್ನೆ ಅಂದರೆ ಒಡೆಯುವ ಜಾಗ. ಅಲ್ಲಿ ಮೈನಸ್ 18ರ ಹತ್ತಿರ ಸಾಕು. ಇಷ್ಟಾದ ಮೇಲೆ ಚಾನೆಲ್ ಫೇಡರನ್ನು ಸೊನ್ನೆ ಗುರುತಿಗೆ ತಂದು, ಕೊನೆಗೆ ಮೇನ್ ಫೇಡರನ್ನು ಹಾಲಿಗೆ ಬೇಕಾದಷ್ಟು ಏರಿಸಿ.

ಫೋನಿನ ವಾಲ್ಯೂಮ್ ಅಷ್ಟು ಮೇಲೆ ಯಾಕೆ ಅಂತ ಕೇಳುತ್ತೀರಿ. ಫೋನನ್ನು ಕಮ್ಮಿ ಇಟ್ಟು ಗೇನ್ ಜಾಸ್ತಿ ಮಾಡಿದರೆ ಹಾಡಿನ ಜೊತೆಗೆ ಕೇಬಲ್ಲಿನ ಗುಂಯ್, ಮಿಕ್ಸರಿನ ಸ್ಸ್ ಸದ್ದು ಎಲ್ಲವೂ ಮೇಲೇರುತ್ತವೆ. ಪೂರ್ತಿ ನೂರಕ್ಕೆ ಇಡದಿರುವುದು ಯಾಕೆಂದರೆ ಕೆಲವು ಫೋನುಗಳು ತುದಿಯಲ್ಲಿ ತಾವೇ ಒಡೆಯುತ್ತವೆ, ಮತ್ತೆ ಯಾವುದೋ ಒಂದು ಟ್ರ್ಯಾಕ್ ಮೆಲ್ಲಗಿದ್ದಾಗ ಏರಿಸಲು ಸ್ವಲ್ಪ ಜಾಗ ಉಳಿದಿರಬೇಕು. ಫೋನಿನ ಈಕ್ವಲೈಜರ್, ಬೇಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಐಫೋನಿನಲ್ಲಿ `Reduce Loud Audio` ಆನ್ ಇದ್ದರೆ ಫೋನ್ ಮಿಕ್ಸರನ್ನು ಹೆಡ್‌ಫೋನ್ ಅಂದುಕೊಂಡು ಜೋರಾದ ಜಾಗದಲ್ಲಿ ಸದ್ದು ತಗ್ಗಿಸಬಹುದು, ಅದನ್ನೂ ನೋಡಿಕೊಳ್ಳಿ. ಆಂಡ್ರಾಯ್ಡ್ ಫೋನ್ ವಾಲ್ಯೂಮ್ ಏರಿಸುವಾಗ ಕಿವಿಗೆ ಹಾನಿ ಎಂಬ ಎಚ್ಚರಿಕೆ ತೋರಿಸಿ ಅಲ್ಲೇ ನಿಲ್ಲುತ್ತದೆ, ಕಾರ್ಯಕ್ರಮಕ್ಕೆ ಮುಂಚೆಯೇ ಅದಕ್ಕೆ ಓಕೆ ಒತ್ತಿಬಿಡಿ.

ಮಿಕ್ಸರಿನಲ್ಲಿ 48 ವೋಲ್ಟ್ ಫ್ಯಾಂಟಮ್ ಅನ್ನುವ ಒಂದು ಸ್ವಿಚ್ ಇದೆ, ಕಂಡೆನ್ಸರ್ ಮೈಕುಗಳಿಗೆ ಕರೆಂಟ್ ಕೊಡುವುದು. ಸಣ್ಣ ಮಿಕ್ಸರುಗಳಲ್ಲಿ ಒಂದೇ ಸ್ವಿಚ್ ಎಲ್ಲ ಮೈಕ್ ಇನ್‌ಪುಟ್‌ಗಳಿಗೂ. ನಿಮ್ಮ ಈಗಿನ ಕೇಬಲ್ ಹಾಕಿದಾಗ ಅದು ಆನ್ ಇದ್ದರೆ ಆ ವೋಲ್ಟೇಜ್ 2 ಮತ್ತು 3ನೇ ಪಿನ್ನಿನ ಮೂಲಕ ನೇರವಾಗಿ ಫೋನಿಗೆ ಅಥವಾ ಅಡಾಪ್ಟರಿಗೆ ಹೋಗುತ್ತದೆ. ಫೋನಿನ ಆಡಿಯೋ ಭಾಗ ಸುಟ್ಟರೂ ಆಶ್ಚರ್ಯವಿಲ್ಲ. ಆ ಕೇಬಲ್ ಎತ್ತಿಡಿ ಅನ್ನಲು ನನಗೆ ಇದೂ ದೊಡ್ಡ ಕಾರಣ. ದಪ್ಪ ಪಿನ್ನಿನ ಲೈನ್ ಇನ್‌ಪುಟ್‌ಗೆ ಫ್ಯಾಂಟಮ್ ಬರುವುದಿಲ್ಲ.

ಉಳಿದದ್ದು ಚಾರ್ಜರಿನ ಗುಂಯ್. ಚಾರ್ಜರಿನೊಳಗಿಂದ ಅತಿ ಸಣ್ಣ ಪ್ರಮಾಣದ ಕರೆಂಟು ಯಾವಾಗಲೂ ಸೋರುತ್ತಿರುತ್ತದೆ, ಅಪಾಯ ಮಾಡುವಷ್ಟಲ್ಲ. ಫೋನ್ ಮಿಕ್ಸರಿಗೆ ಸೇರಿದಾಗ ಅದಕ್ಕೆ ಅರ್ಥ್ ತಲುಪಲು ನಿಮ್ಮ ಆಡಿಯೋ ಕೇಬಲ್ಲಿನ ಗ್ರೌಂಡ್ ತಂತಿಯೇ ದಾರಿಯಾಗುತ್ತದೆ. ಹಾಡು ಹೋಗುವ ದಾರಿಯಲ್ಲೇ ಅದೂ ಹೋಗುವುದರಿಂದ ಸ್ಪೀಕರಿನಲ್ಲಿ ಕೇಳುತ್ತದೆ. ಚಾರ್ಜರ್ ಕಿತ್ತ ಕ್ಷಣ ನಿಂತರೆ ಇದೇ ಕಾರಣ. ಸುಲಭದ ಪರಿಹಾರ, ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬರುವುದು. ದಿನವಿಡೀ ಕಾರ್ಯಕ್ರಮ ಇದ್ದರೆ ಪವರ್ ಬ್ಯಾಂಕ್ ಹಚ್ಚಿ, ಅದನ್ನು ಗೋಡೆಯ ಪ್ಲಗ್‌ಗೆ ಹಾಕದೆ. ಅದು ಬರೀ ಬ್ಯಾಟರಿ, ಗುಂಯ್ ಬರುವುದಿಲ್ಲ. ಲ್ಯಾಪ್‌ಟಾಪಿನಿಂದ ಹಾಡು ಹಾಕುವವರಿಗೂ ಇದೇ ಪರೀಕ್ಷೆ. ಮಿಕ್ಸರ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೆ ಸದ್ದು ಹೋಗುತ್ತದೆ ಅಂತ ಯಾರು ಹೇಳಿದರೂ ಕೇಳಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ಏನಾದರೂ ಶಾರ್ಟ್ ಆದ ದಿನ ಮೈಕ್ ಹಿಡಿದವರ ಕೈಗೆ ಕರೆಂಟ್ ಬರುತ್ತದೆ.

ಫೋನ್ ವೇದಿಕೆಯ ಹತ್ತಿರ, ಮಿಕ್ಸರ್ ಹಾಲಿನ ಹಿಂದೆ ಇದ್ದರೆ ಮಾತ್ರ ಇನ್ನೊಂದು ವಸ್ತು ಕೊಳ್ಳಿ, ಅದರ ಹೆಸರು ಡಿಐ ಬಾಕ್ಸ್. 3.5 ಎಂಎಂನಿಂದ ದಪ್ಪ ಪಿನ್ನಿಗೆ ಹೋಗುವ ಕೇಬಲ್ ಮೂರು ನಾಲ್ಕು ಮೀಟರ್ ದಾಟಿದರೆ ಸುತ್ತಲಿನ ಗುಯ್‌ಗುಟ್ಟುವಿಕೆಯನ್ನೆಲ್ಲ ಹೀರಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೋ ಡಿಐ ಬಾಕ್ಸನ್ನು ಫೋನಿನ ಪಕ್ಕ ಇಟ್ಟರೆ ಅಲ್ಲಿಂದ ಮುಂದೆ ಮಾಮೂಲಿ ಮೈಕ್ ಕೇಬಲ್ಲಿನಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು. ಅದು ಎಡ ಬಲಗಳನ್ನು ಬೇರೆ ಬೇರೆ ಎಕ್ಸ್‌ಎಲ್‌ಆರ್ ಮಾಡಿ ಕಳಿಸುತ್ತದೆ. ಫೋನಿಗೂ ಮಿಕ್ಸರಿಗೂ ನಡುವೆ ತಂತಿಯ ನೇರ ಸಂಪರ್ಕವೇ ಇಲ್ಲದಿರುವುದರಿಂದ ಫ್ಯಾಂಟಮ್ ಭಯವೂ ತಪ್ಪುತ್ತದೆ, ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಚಾರ್ಜರಿನ ಗುಂಯ್ ಕೂಡ. ಸಿಗ್ನಲ್ ಮಾತ್ರ ಮೈಕ್ ಲೆವೆಲ್ಲಿಗೆ ಇಳಿದಿರುತ್ತದೆ, ಗೇನ್ ಮೇಲಿನ ಕ್ರಮದಲ್ಲೇ ಹೊಸದಾಗಿ ಹೊಂದಿಸಿ.

ಬ್ಲೂಟೂತ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಖಾಲಿ ಹಾಲಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಜನ ತುಂಬಿದ ಮೇಲೆ ತುಂಡು ತುಂಡಾಗಬಹುದು, ಮನುಷ್ಯರ ಮೈ ಆ ಅಲೆಗಳನ್ನು ತಡೆಯುತ್ತದೆ. ಮಕ್ಕಳು ಹೆಜ್ಜೆ ಹಾಕುತ್ತಿರುವಾಗ ಅರ್ಧ ಸೆಕೆಂಡ್ ಹಾಡು ತಪ್ಪಿದರೂ ಎಲ್ಲರ ಲಯ ಕೆಡುತ್ತದೆ. ತಂತಿಯೇ ಇರಲಿ.

ಹಾಡುಗಳನ್ನೆಲ್ಲ ಫೋನಿಗೆ ಡೌನ್‌ಲೋಡ್ ಮಾಡಿಕೊಂಡು `Airplane mode` ಆನ್ ಮಾಡಿ. ಫೋನ್ ಕರೆ ಬರುವುದು ನಿಲ್ಲುವುದಷ್ಟೇ ಅಲ್ಲ, ಫೋನ್ ಟವರನ್ನು ಹುಡುಕುವಾಗ ಕೇಬಲ್ಲಿನಲ್ಲಿ ಕೇಳುವ ಟಿಕ್ ಟಿಕ್ ಟಿಕ್ ಕೂಡ ನಿಲ್ಲುತ್ತದೆ. ಕೇಬಲ್ ಕೀಳುವಾಗ ಪ್ರತಿ ಸಲ ಮೊದಲು ಚಾನೆಲ್ಲಿನ ಮ್ಯೂಟ್ ಒತ್ತಿ, ಇಲ್ಲದಿದ್ದರೆ ಢಬ್ ಅಂತ ಬರುವ ಸದ್ದು ಸ್ಪೀಕರಿನ ಕೋನ್‌ಗೆ ಒಳ್ಳೆಯದಲ್ಲ. ಹಿಂದಿನ ದಿನ ಹೋಗಿ ಹೊಸ ಕೇಬಲ್ ಹಾಕಿ, ಕಳೆದ ಸಲ ದನಿ ಮಾಯವಾದ ಅದೇ ಹಾಡನ್ನು ಹತ್ತು ಸೆಕೆಂಡ್ ಕೇಳಿ. ದನಿಯೂ ಡ್ರಮ್ಮಿನ ಧಮ್ ಧಮ್ ಕೂಡ ಇಯರ್‌ಫೋನಲ್ಲಿ ಕೇಳಿದಷ್ಟೇ ಮುಂದೆ ಬಂದಿರಬೇಕು. ಬಂದಿಲ್ಲದಿದ್ದರೆ ಮೊದಲು ದಪ್ಪ ಪಿನ್ನಿನ ಉಂಗುರ ಮತ್ತೊಮ್ಮೆ ಎಣಿಸಿ.